ಸಂಬಳ ಬೇಡ, ರಜೆ ಕೊಡಿ ಸ್ವಾಮಿ

ಕಾರಣ ಸರಿಯಿಲ್ಲವಂತೆ. ಆಫೀಸಿನಿಂದ ಮೇಲ್ ಬಂದಿತ್ತು. ನಾನು ಕೇಳಿದ್ದು ಎರಡು ದಿನ ರಜೆ, ಅದೂ ಸಂಬಳ ಇಲ್ಲದ ರಜೆ. ಅಂದರೆ ನನ್ನ ದುಡ್ಡು ನಾನೇ ಬಿಟ್ಟುಕೊಡುತ್ತೇನೆ, ಎರಡು ದಿನ ನನ್ನ ಪಾಡಿಗೆ ನನ್ನನ್ನು ಬಿಡಿ ಅಂತ. ಹೋಟೆಲಿಗೆ ಹೋಗಿ, "ದೋಸೆ ಬೇಡ, ಬಿಲ್ ಕೊಡ್ತೀನಿ, ಹೊರಡ್ಲಾ?" ಅಂದರೆ ಮಾಲೀಕ ಅಡ್ಡ ನಿಂತು, "ಯಾಕೆ ಬೇಡ? ಸರಿಯಾದ ಕಾರಣ ಬರೆದುಕೊಡಿ" ಅಂದಂತಾಯಿತು.

ತಪ್ಪು ನನ್ನದೇ. ನಾನು ನಿಜ ಬರೆದೆ.

ಆಫೀಸಿಗೆ ಇಂಗ್ಲಿಷಿನಲ್ಲಿ ಹೋದ ಪತ್ರ ಅದು, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. "ನಮ್ಮ ತಂದೆಗೆ 78 ವರ್ಷ. ಶುಕ್ರವಾರ ಬಲಗಣ್ಣಿನ ಪೊರೆ ಆಪರೇಷನ್. ಆಪರೇಷನ್ ಇಪ್ಪತ್ತು ನಿಮಿಷದ್ದು, ಸಂಜೆಗೆ ಮನೆಗೆ ಕಳಿಸುತ್ತಾರೆ. ಆದರೆ ಆಮೇಲೆ ಎರಡು ಥರದ ಡ್ರಾಪ್ಸ್ ಹಾಕಬೇಕು. ಒಂದು ದಿನಕ್ಕೆ ಆರು ಸಲ, ಇನ್ನೊಂದು ನಾಲ್ಕು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ತಂದೆಯವರೇ ಹಾಕಿಕೊಂಡರೆ ಔಷಧ ಕೆನ್ನೆಗೆ ಬೀಳುತ್ತದೆ. ಶಾಲೆಯಲ್ಲಿ ಪಾಠ ಮಾಡುವ ನನ್ನ ಹೆಂಡತಿಗೆ ಮಂಗಳವಾರದಿಂದ ದಸರಾ ರಜೆ, ಅಲ್ಲಿಂದ ಅವಳು ನೋಡಿಕೊಳ್ಳುತ್ತಾಳೆ. ನನಗೆ ಶುಕ್ರವಾರ ಮತ್ತು ಸೋಮವಾರ ಮಾತ್ರ ಬೇಕು. ನನ್ನ ಖಾತೆಯಲ್ಲಿ ರಜೆ ಉಳಿದಿಲ್ಲ. ಸಂಬಳ ಹಿಡಿದುಕೊಳ್ಳಿ."

ಇದರಲ್ಲಿ ಏನು ತಪ್ಪಿದೆ, ನೀವೇ ಹೇಳಿ. ಪಕ್ಕದ ಸೀಟಿನ ಗೆಳೆಯ ಓದಿ ತಲೆ ಚಚ್ಚಿಕೊಂಡ. "ಐದು ನಿಮಿಷದ ಗ್ಯಾಪ್ ಬಗ್ಗೆ ಯಾಕ್ ಬರೆದೆ ಮಾರಾಯ? ಫುಡ್ ಪಾಯ್ಸನ್ ಅಂತ ಎರಡು ಪದ ಹಾಕಿದ್ರೆ ಮುಗೀತಿತ್ತು."

ಅವನು ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನ ಆಫೀಸುಗಳನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿರುವುದೇ ಆ ಕೆಟ್ಟ ಹೊಟ್ಟೆ. ಹೊಟ್ಟೆಯ ಬಗ್ಗೆ ಯಾವ ಮ್ಯಾನೇಜರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಭಯ. "ಎಳನೀರು ಕುಡೀರಿ" ಅಂತ ಫೋನ್ ಇಟ್ಟುಬಿಡುತ್ತಾರೆ. ಜ್ವರ ಅಂದರೆ ಎಷ್ಟು ಡಿಗ್ರಿ ಅಂತ ಕೇಳುತ್ತಾರೆ. ಬೆನ್ನುನೋವು ಅಂದರೆ ಲ್ಯಾಪ್‌ಟಾಪ್ ಮಲಗಿಕೊಂಡೂ ಬಳಸಬಹುದಲ್ಲ ಅನ್ನುತ್ತಾರೆ. ನಮ್ಮಲ್ಲೊಬ್ಬ ಪ್ರತಿ ಕ್ರಿಕೆಟ್ ಫೈನಲ್ ಮರುದಿನ ಹೊಟ್ಟೆ ಕೆಡಿಸಿಕೊಳ್ಳುತ್ತಾನೆ. ಅವನ ರಜೆ ಹತ್ತು ನಿಮಿಷದಲ್ಲಿ ಮಂಜೂರು. ಅಪ್ಪನ ಕಣ್ಣು ಅಂದರೆ ಮಾತ್ರ ಫೋನೇ ಬರುತ್ತದೆ.

ಬಂತು.

"ಏನ್ರೀ, ಮನೇಲಿ ಬೇರೆ ಯಾರೂ ಇಲ್ವಾ?"

"ಇದ್ದಾರೆ ಸರ್, ಅಪ್ಪ ಇದ್ದಾರೆ. ಅವರಿಗೇ ಆಪರೇಷನ್."

"ಅಲ್ಲ ಕಣ್ರೀ, ಕ್ಯಾಟರಾಕ್ಟ್ ಅಂದ್ರೆ ಈಗ ಮಾಮೂಲಿ ಅಲ್ವಾ? ಡ್ರಾಪ್ಸ್ ಹಾಕೋಕೆ ಎರಡು ನಿಮಿಷ. ಮಧ್ಯೆ ಮಧ್ಯೆ ಲಾಗಿನ್ ಆಗಬಹುದಲ್ಲ?"

ಆಗಬಹುದು. ಆದರೆ ಆಗ ಅದು ರಜೆಯಲ್ಲ, ಕೆಲಸ. ಕೆಲಸವಾದರೆ ಸಂಬಳ ಹಿಡಿಯುವ ಹಾಗಿಲ್ಲ, ಅಲ್ವಾ? ಇದನ್ನು ಮೆತ್ತಗೆ ಕೇಳಿದೆ. ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಆಮೇಲೆ, "ಮೊದಲು ಇಷ್ಟೊಂದು ರಜೆ ಏನ್ ಮಾಡಿದ್ರಿ ಹೇಳಿ" ಅಂದರು.

ಹೇಳಿದೆ. ವರ್ಷಕ್ಕೆ ನಮಗೆ 27 ದಿನ ಕೊಡುತ್ತಾರೆ. ಡೆಂಗಿ ಬಂದು ಏಳು ದಿನ ಹೋಯಿತು. ಮನೆ ಖಾತೆಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಿದ್ದಿಸಲು ಮೂರು ದಿನ. ಅಕ್ಷರಕ್ಕೆ ಮೂರು ದಿನ ಅಂದರೆ ಹೆಸರು ಪೂರ್ತಿ ತಪ್ಪಿದ್ದರೆ ಒಂದು ತಿಂಗಳೇ ಬೇಕಿತ್ತು, ಆ ಲೆಕ್ಕದಲ್ಲಿ ನಾನು ಅದೃಷ್ಟವಂತ. ಅಪ್ಪನ ಸಕ್ಕರೆ ಜಾಸ್ತಿ ಇದೆ ಅಂತ ಇದೇ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು, ಅದಕ್ಕೆ ನಾಲ್ಕು. ಮಳೆ ಬಂದು ನಮ್ಮ ರಸ್ತೆ ಕೆರೆಯಾದ ದಿನ ಕಂಪನಿ ದೊಡ್ಡ ಮನಸ್ಸು ಮಾಡಿ ಮನೆಯಿಂದಲೇ ಕೆಲಸ ಮಾಡಿ ಅಂದಿತು. ಮನೆಯಲ್ಲಿ ಕರೆಂಟಿರಲಿಲ್ಲ. ಹಾಗಾಗಿ ಅದೂ ರಜೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ನೆನಪಿದೆಯಾ? ಆಗ ನಕ್ಕಿದ್ದೆ. ಒಂದು ದಿನದ ರಜೆ ಉಳಿಸಿದ ಜಾಣರು ಅವರು ಅಂತ ಈಗ ಗೊತ್ತಾಗುತ್ತಿದೆ. ತಂಗಿ ಮನೆ ಗೃಹಪ್ರವೇಶ, ಮಗನ ಶಾಲೆಯ ಮೀಟಿಂಗು, ಹಬ್ಬ ಹರಿದಿನ, ಹೀಗೆ ಇನ್ನಷ್ಟು. ಎರಡು ದಿನ ಮಾತ್ರ ಏನೂ ಇರಲಿಲ್ಲ. ಸುಮ್ನೆ ಮಲಗಿದ್ದೆ. ಅದನ್ನೂ ಹೇಳಿದೆ. ಅವರು ಬರೆದುಕೊಂಡಿದ್ದು ಅದೊಂದನ್ನೇ ಅಂತ ಕಾಣುತ್ತದೆ.

ಸಂಬಳವಿಲ್ಲದ ರಜೆಗೆ ಸರ್ಕಾರಿ ನೌಕರರ ನಿಯಮದಲ್ಲಿ ಏನು ಹೆಸರು ಗೊತ್ತಾ? ಅಸಾಧಾರಣ ರಜೆ. ಎಂಥ ಗೌರವ! ಜೇಬು ಖಾಲಿಯಾದರೂ ಹೆಸರಿನಲ್ಲಿ ಒಂದು ಗತ್ತಿದೆ. ನಮ್ಮ ಕಡೆ ಅದನ್ನು ಲಾಸ್ ಆಫ್ ಪೇ ಅನ್ನುತ್ತಾರೆ. ಲಾಸ್ ಯಾರಿಗೆ ಅಂತ ಕೇಳಬೇಡಿ. ಸೋಮವಾರದ ಕೆಲಸ ಸೋಮವಾರ ಮಾಡದಿದ್ದರೆ ಮಂಗಳವಾರ ರಾತ್ರಿ ಹನ್ನೊಂದರವರೆಗೆ ಕೂತು ಮಾಡುವವನು ನಾನೇ. ಕೆಲಸ ಪೂರ್ತಿ ಆಗುತ್ತದೆ, ಸಂಬಳ ಮಾತ್ರ ಕಡಿಮೆ. ವ್ಯಾಪಾರ ಗೊತ್ತಿದ್ದವರು ಇದಕ್ಕೆ ಬೇರೆ ಹೆಸರು ಇಡುತ್ತಿದ್ದರು.

ಇರಲಿ, ಲೆಕ್ಕಕ್ಕೆ ಬರೋಣ. ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಅದೇ.

ನನ್ನ ತಿಂಗಳ ಸಂಬಳ 66,000 ಅಂತ ಇಟ್ಟುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 2,200. ಎರಡು ದಿನಕ್ಕೆ 4,400 ಹೋಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಎಚ್‌ಆರ್ ಮೇಡಂ ನಕ್ಕರು. ನಮ್ಮಲ್ಲಿ ಕೆಲಸದ ದಿನಗಳಿಂದ ಭಾಗಿಸುತ್ತೇವೆ, ಶನಿವಾರ ಭಾನುವಾರ ಬಿಟ್ಟರೆ ತಿಂಗಳಿಗೆ 22 ದಿನ ಅಂತ. ಅಂದರೆ ದಿನಕ್ಕೆ 3,000. ಸರಿ, ನ್ಯಾಯವೇ. ನಾನು ದುಡಿಯುವುದು 22 ದಿನವೇ ತಾನೆ? ಎರಡು ದಿನಕ್ಕೆ 6,000, ಒಪ್ಪಿದೆ.

"ಎರಡಲ್ಲ ಸರ್, ನಾಲ್ಕು."

"ಅದ್ಹೇಗೆ ಮೇಡಂ?"

"ಸ್ಯಾಂಡ್‌ವಿಚ್."

ಊಟದ ಟೈಮಾಗಿತ್ತು, ಹಾಗಾಗಿ ಒಂದು ಕ್ಷಣ ತಪ್ಪು ತಿಳಿದುಕೊಂಡೆ. ಆಮೇಲೆ ಅವರೇ ಬಿಡಿಸಿ ಹೇಳಿದರು. ಶುಕ್ರವಾರ ಒಂದು ಬ್ರೆಡ್ಡು, ಸೋಮವಾರ ಇನ್ನೊಂದು ಬ್ರೆಡ್ಡು. ಮಧ್ಯೆ ಸಿಕ್ಕಿಕೊಂಡ ಶನಿವಾರ ಭಾನುವಾರ ಕೂಡ ನಿಮ್ಮ ರಜೆಯೇ ಆಗುತ್ತದೆ. ಒಟ್ಟು ನಾಲ್ಕು ದಿನ, 12,000 ರೂಪಾಯಿ.

ಈಗ ಸ್ವಲ್ಪ ಗಮನ ಕೊಡಿ. ಭಾಗಿಸುವಾಗ ಭಾನುವಾರ ಇಲ್ಲ. ಗುಣಿಸುವಾಗ ಇದೆ. ಸ್ಯಾಂಡ್‌ವಿಚ್ ನಿಯಮ ಇಟ್ಟುಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಭಾನುವಾರವನ್ನು ಗೈರುಹಾಜರಿಗೆ ಸೇರಿಸುವುದಾದರೆ ತಿಂಗಳಿಗೂ ಸೇರಿಸಬೇಕು. ಆಗ 2,200ರಂತೆ ನಾಲ್ಕು ದಿನಕ್ಕೆ 8,800. ಇಲ್ಲವೇ 3,000ದಂತೆ ಎರಡು ದಿನಕ್ಕೆ 6,000. ಎರಡರಲ್ಲಿ ಒಂದು. ಎರಡೂ ಕಡೆಯಿಂದ ತಮಗೆ ಬೇಕಾದ್ದನ್ನು ಆರಿಸಿಕೊಂಡರೆ ಹೇಗೆ?

ಪರೀಕ್ಷೆ ಮಾಡೋದು ಸುಲಭ. ನಿಮ್ಮ ಆಫೀಸಿನ ಲೆಕ್ಕ ನೆಟ್ಟಗಿದೆಯಾ ಅಂತ ತಿಳಿಯಬೇಕಾದರೆ ಇಡೀ ತಿಂಗಳು ರಜೆ ಹಾಕಿದ ಹಾಗೆ ಕಲ್ಪಿಸಿಕೊಳ್ಳಿ. 30 ದಿನ, ದಿನಕ್ಕೆ 3,000 ಅಂದರೆ 90,000 ಕಡಿತ. ಸಂಬಳ 66,000. ಅಂದರೆ ತಿಂಗಳಿಡೀ ಮನೆಯಲ್ಲಿದ್ದರೆ ಕಂಪನಿಗೆ ನಾನೇ 24,000 ಕಟ್ಟಬೇಕು! ಗೈರುಹಾಜರಾದ ಪಾಲಿಗಿಂತ ಜಾಸ್ತಿ ಸಂಬಳ ಹಿಡಿಯಬಾರದು ಅಂತ 1936ರ ವೇತನ ಪಾವತಿ ಕಾಯ್ದೆಯಲ್ಲೇ ಬರೆದಿಟ್ಟಿದ್ದರು, ಬ್ರಿಟಿಷರ ಕಾಲದಲ್ಲಿ. ಭಾಗಾಕಾರ ಅವರಿಗೂ ಗೊತ್ತಿತ್ತು ಅಂತ ಕಾಣುತ್ತೆ.

ಇದನ್ನೆಲ್ಲ ಒಂದು ಮೇಲಿನಲ್ಲಿ ಬರೆದು ಪೇರೋಲ್‌ನವರಿಗೆ ಕಳಿಸಿದೆ. ಉತ್ತರ ಒಂದೇ ಸಾಲು. ಪಾಲಿಸಿ ಪ್ರಕಾರ ಇದೆ.

ಪಾಲಿಸಿಯೂ ಒಬ್ಬ ಮನುಷ್ಯ ಬರೆದದ್ದೇ ಅಲ್ವಾ? ಅವನಿಗೂ ಒಬ್ಬ ಅಪ್ಪ ಇರಬೇಕು. ನಮ್ಮೂರಿನಲ್ಲಿ ವಾರಕ್ಕೆ 70 ಗಂಟೆ ದುಡಿಯಿರಿ ಅನ್ನುವವರ ಮಾತು ಪೇಪರಿನ ಮುಖಪುಟಕ್ಕೆ ಬರುತ್ತದೆ. ಬರಲಿ ಬಿಡಿ. ನಾನು ಜಾಸ್ತಿ ಏನೂ ಕೇಳಲಿಲ್ಲ. ಪುಕ್ಕಟೆ ಕೇಳಲಿಲ್ಲ. ಸುಳ್ಳು ಹೇಳಲಿಲ್ಲ. ವಾರ ಮುಂಚೆ ತಿಳಿಸಿದೆ. ಅಷ್ಟಕ್ಕೂ ಮೂರು ಫೋನು, ಐದು ಮೇಲು, ಆಸ್ಪತ್ರೆಯ ಚೀಟಿಯ ಫೋಟೊ. ಅಪ್ಪನ ಕಣ್ಣಿನ ಚೀಟಿಯನ್ನು ನನ್ನ ಮ್ಯಾನೇಜರ್, ಅವರ ಮ್ಯಾನೇಜರ್, ಎಚ್‌ಆರ್‌ನ ಇಬ್ಬರು ನೋಡಿದರು. ಅಪ್ಪನಿಗೆ ತಾನೇ ಅದನ್ನು ಓದಲು ಆಗುತ್ತಿರಲಿಲ್ಲ. ಸುಸ್ತಾಗುತ್ತೆ ಕಣ್ರೀ. ಬೇರೆ ಏನೂ ಅಲ್ಲ.

ಗುರುವಾರ ರಾತ್ರಿ ಹತ್ತೂವರೆಗೆ ಮಂಜೂರಾಯಿತು. ಪೋರ್ಟಲಿನಲ್ಲಿ ಕಾರಣದ ಪಟ್ಟಿಯಿಂದ ಒಂದನ್ನು ಆರಿಸಬೇಕಿತ್ತು. ಅನಾರೋಗ್ಯ, ಮದುವೆ, ಸಾವು, ಪ್ರವಾಸ, ವೈಯಕ್ತಿಕ. ಅನಾರೋಗ್ಯ ಒತ್ತಿದರೆ ನನ್ನದೇ ಆಗಬೇಕಂತೆ, ಅಪ್ಪನದು ನಡೆಯಲ್ಲ. ವೈಯಕ್ತಿಕ ಒತ್ತಿದರೆ ಇನ್ನೊಬ್ಬರ ಒಪ್ಪಿಗೆ ಬೇಕು, ಅವರು ಆಗಲೇ ಮಲಗಿದ್ದರು. ಕೊನೆಗೆ ಪ್ರವಾಸ ಒತ್ತಿದೆ. ತಕ್ಷಣ ಹಸಿರು ಟಿಕ್ ಬಂತು, ಜೊತೆಗೆ ತೆಂಗಿನ ಮರದ ಒಂದು ಚಿತ್ರ.

ಆಪರೇಷನ್ ಚೆನ್ನಾಗಿ ಆಯಿತು. ಪ್ರವಾಸವೂ ಚೆನ್ನಾಗಿತ್ತು, ಹಾಲ್‌ನಿಂದ ರೂಮಿಗೆ, ರೂಮಿನಿಂದ ಹಾಲ್‌ಗೆ. ಅಪ್ಪನನ್ನು ಮಲಗಿಸಿ, ಕೆಳರೆಪ್ಪೆ ಎಳೆದು ಹಿಡಿದು, ಒಂದೇ ಹನಿ ಬಿಟ್ಟು, ಗಡಿಯಾರ ನೋಡುತ್ತಾ ಐದು ನಿಮಿಷ ಕೂರುವುದು. ಆ ಐದು ನಿಮಿಷದಲ್ಲಿ ಅಪ್ಪ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು. "ರಜಾ ಹಾಕಿದೀಯಲ್ಲ, ಸಂಬಳ ಹಿಡೀತಾರೇನೋ?"

"ಇಲ್ಲಪ್ಪ, ರಜ ಬೇಕಾದಷ್ಟಿದೆ" ಅಂದೆ. ಇಷ್ಟು ದಿನದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಪೋರ್ಟಲಿನದ್ದು ಬಿಡಿ, ಅದು ಮಂಜೂರಾದ ಸುಳ್ಳು.

ತಿಂಗಳ ಕೊನೆಗೆ ಸ್ಯಾಲರಿ ಸ್ಲಿಪ್ ಬಂತು. ಹನ್ನೆರಡು ಸಾವಿರ ಹೋಗಿತ್ತು. ಬೇಸಿಕ್ ಇಳಿದದ್ದಕ್ಕೆ ಪಿಎಫ್ ಕೂಡ ಇಳಿದಿತ್ತು. ವೃತ್ತಿ ತೆರಿಗೆ 200 ರೂಪಾಯಿ ಮಾತ್ರ ಪೂರ್ತಿ ಇತ್ತು. ಅದಕ್ಕೆ ಲಾಸ್ ಗೊತ್ತಿಲ್ಲ. ಫೋನನ್ನು ಸೋಫಾ ಮೇಲಿಟ್ಟು ನೀರು ಕುಡಿಯಲು ಹೋದೆ. ವಾಪಸ್ ಬಂದಾಗ ಅಪ್ಪ ಅದನ್ನು ಕೈ ಚಾಚಿ ಮಾರುದ್ದ ದೂರ ಹಿಡಿದು, ಎಡಗಣ್ಣು ಮುಚ್ಚಿ, ಹೊಸ ಲೆನ್ಸಿನ ಬಲಗಣ್ಣಿನಿಂದ ಓದುತ್ತಾ ಕೂತಿದ್ದರು.

"ಏನೋ ಇದು, ಎಲ್‌ಒಪಿ ಅಂದ್ರೆ?"