ಬರೇ ಕುಸಿದಿದೆಯಲ್ಲ, ಹೋಗೋಣ!

ಆಟಿ ತಿಂಗಳಲ್ಲಿ ಜನರನ್ನು ಪ್ರವಾಸಕ್ಕೆ ಕರೆಯುವವನಿಗೆ ಒಂದೋ ತಲೆ ಸರಿ ಇಲ್ಲ, ಇಲ್ಲ ಸಾಲ ಜಾಸ್ತಿ ಇದೆ ಎಂದು ನನ್ನ ಚಿಕ್ಕಮ್ಮ ಹೇಳುತ್ತಾರೆ. ನನ್ನದು ಎರಡನೆಯದು. ಹದಿನೇಳು ಸೀಟಿನ ಟೆಂಪೋ ಟ್ರಾವೆಲರಿನ ಕಂತು ಮಳೆಗಾಲದಲ್ಲೂ ಕಟ್ಟಬೇಕಲ್ಲ! ಹಾಗಾಗಿ ‘ಮಳೆಯ ಸೊಬಗು ಸವಿಯಲು ಕಾಸರಗೋಡಿನಿಂದ ತಲಕಾವೇರಿಗೆ’ ಎಂದು ನಾನೇ ಒಂದು ಕರಪತ್ರ ಬರೆದು, ರಿಯಾಯಿತಿ ದರ ಹಾಕಿ, ಧಾರವಾಡದ ಹದಿನಾಲ್ಕು ಮಂದಿ ನಿವೃತ್ತರನ್ನು ಒಪ್ಪಿಸಿದ್ದೆ. ಶನಿವಾರ ಮಧೂರು, ಅನಂತಪುರ. ಆದಿತ್ಯವಾರ ಬೇಕಲ ಕೋಟೆ, ರಾತ್ರಿ ಹೊಸದುರ್ಗದಲ್ಲಿ ವಾಸ್ತವ್ಯ. ಸೋಮವಾರ ಬೆಳಿಗ್ಗೆ ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲ, ತಲಕಾವೇರಿ, ರಾತ್ರಿ ಮಡಿಕೇರಿ. ಮಂಗಳವಾರ ಮಡಿಕೇರಿ ನೋಡಿ ವಾಪಸು.

ಕರಿಕೆ ದಾರಿ ನನ್ನ ಮೋಹ. ಕಾಡಿನೊಳಗಿನ ಕಿರಿದಾದ ಘಾಟಿ, ಹೆಜ್ಜೆಗೊಂದು ತೊರೆ. ಕರಪತ್ರದಲ್ಲಿ ‘ಪ್ರಕೃತಿ ನಿಮ್ಮ ಮೈಮೇಲೆಯೇ ಬರುತ್ತದೆ’ ಎಂದು ಬರೆದಿದ್ದೆ. ಪ್ರಕೃತಿ ಅದನ್ನು ಓದಿರಬೇಕು.

ಗುರುವಾರ ಬೆಳಿಗ್ಗೆ ಡ್ರೈವರನ ಫೋನು. ಆ ದಾರಿ ನೋಡಿಕೊಂಡು ಬಾ ಎಂದು ಬೈಕಿನಲ್ಲಿ ಕಳುಹಿಸಿದ್ದೆ. “ಏಟ್ಟಾ, ಮಣ್ಣಿಡಿಞ್ಞು” ಎಂದ. ಜತೆಗೆ ಒಂದು ಫೋಟೋ. ರಸ್ತೆಯ ಅರ್ಧಕ್ಕೆ ಕೆಂಪು ಮಣ್ಣಿನ ರಾಶಿ, ಅದರ ಮೇಲೆ ಬೇರುಸಹಿತ ಮಲಗಿದ ಮರ, ಮೂಲೆಯಲ್ಲಿ ಒಂದು ಜೇಸಿಬಿ. “ಸಂಜೆಗೆ ಕ್ಲಿಯರ್ ಮಾಡುತ್ತಾರಂತೆ, ಈಗಲೇ ಜೀಪು ಹೋಗುತ್ತಿದೆ” ಎಂದೂ ಸೇರಿಸಿದ.

ಈ ‘ಕ್ಲಿಯರ್’ ಎನ್ನುವ ಶಬ್ದಕ್ಕೆ ಮರುಳಾದವರು ಘಾಟಿಯಲ್ಲಿ ರಾತ್ರಿ ಕಳೆದಿದ್ದಾರೆ. ಜಾರಿದ ಗುಡ್ಡದ ಬುಡದ ಮಣ್ಣು ಮೇಲಿನ ಮಣ್ಣಿಗೆ ಊರುಗೋಲು. ಜೇಸಿಬಿ ಅದನ್ನು ಬಾಚಿದಷ್ಟೂ ಮೇಲಿನದಕ್ಕೆ ಆಧಾರ ತಪ್ಪುತ್ತದೆ. ಬಿಸಿಲಾದರೆ ನಿಲ್ಲುತ್ತದೆ, ಮಳೆ ಹೊಯ್ಯುತ್ತಲೇ ಇದ್ದರೆ ರಾತ್ರಿಗೆ ಇನ್ನೊಂದು ಕಂತು. ಬ್ಯಾಂಕಿನವರಂತಲ್ಲ, ಗುಡ್ಡ ಹೆಚ್ಚಾಗಿ ಮುಂಚಿತವಾಗಿ ನೋಟೀಸು ಕೊಡುತ್ತದೆ ಎನ್ನುವುದೊಂದೇ ಸಮಾಧಾನ. ಬರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ? ಕರೆಂಟು ಕಂಬ ಓರೆಯಾಗಿದೆಯೇ? ನಿನ್ನೆಯವರೆಗೆ ತಿಳಿಯಾಗಿ ಒಸರುತ್ತಿದ್ದ ನೀರು ಇವತ್ತು ಕೆಂಪಾಗಿದೆಯೇ? ಕೇಳಿದೆ. “ನೀರು ಚಹಾದ ಹಾಗಿದೆ” ಎಂದ. “ಹಾಲು ಹಾಕಿದ್ದೋ, ಹಾಕದ್ದೋ?” ಎಂದೆ. “ಹಾಕಿದ್ದು.” ಮುಗಿಯಿತು, ಬರೆ ಒಳಗಿನಿಂದ ಕರಗುತ್ತಿದೆ. ಬೆಳಗಿನ ಬಸ್ಸು ಬಂತೇ ಎಂದು ಕರಿಕೆಯ ಅಂಗಡಿಯವರಿಗೂ ಫೋನು ಮಾಡಿದೆ. ಘಾಟಿ ತೆರೆದಿದೆಯೇ ಎನ್ನುವುದಕ್ಕೆ ಅದಕ್ಕಿಂತ ನಂಬುವ ಸಾಕ್ಷಿ ಬೇರೆ ಇಲ್ಲ. ಜೀಪು ಹೋಗುವುದಕ್ಕೂ ಬಸ್ಸು ಹೋಗುವುದಕ್ಕೂ ಅಜಗಜಾಂತರ, ನನ್ನ ಟೆಂಪೋ ಬಸ್ಸಿನ ಜಾತಿ. ಬಸ್ಸು ಬಂದಿರಲಿಲ್ಲ.

ಇಲ್ಲಿಯ ತನಕ ನಾನು ಜಾಣ. ಆಮೇಲೆ ಪತ್ರ ಬರೆದೆ.

ಅತಿಥಿಗಳು ಶುಕ್ರವಾರ ರಾತ್ರಿ ಊರು ಬಿಡುವವರು, ಗುರುವಾರ ಮಧ್ಯಾಹ್ನದೊಳಗೆ ಅವರಿಗೆ ತಿಳಿಯಬೇಕು. ಊಟದ ಬಟ್ಟಲು ಬದಿಗಿಟ್ಟು ಬರೆದು ವಾಟ್ಸಾಪಿನಲ್ಲಿ ಬಿಟ್ಟೆ: ‘ಮಾನ್ಯರೇ, ಕರಿಕೆ ಮಾರ್ಗಕ್ಕೆ ಬರೆ ಕುಸಿದು ಬಂದ್ ಆಗಿದೆ. ಹೊಸದುರ್ಗ ವಾಸ್ತವ್ಯ ರದ್ದು. ಬದಲಿ ಮಾರ್ಗ ಮಾಡಿದ್ದೇನೆ. ಸಹಕರಿಸಿ.’ ಚಿಕ್ಕದು, ಚೊಕ್ಕದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಐದು ನಿಮಿಷದಲ್ಲಿ ತಂಡದ ಹಿರಿಯರಾದ ರಾಯರ ಫೋನು. ದನಿಯಲ್ಲಿ ಚೂರೂ ಚಿಂತೆಯಿಲ್ಲ.

“ಪತ್ರ ಬಂತ್ರೀ. ಬರೇ ಕುಸದದ ಅಂತ ಬರದೀರಿ. ಬರೇ ಕುಸದಿದ್ರ ಹೋಗಲಿಕ್ಕೆ ಏನು ಅಡ್ಡಿ?”

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ನಮಗೆ ಬರೆ ಎಂದರೆ ರಸ್ತೆ ಬದಿಯಲ್ಲಿ ಗೋಡೆಯಂತೆ ಕಡಿದು ನಿಲ್ಲಿಸಿದ ಗುಡ್ಡದ ಮೈ. ಕೊಡಗಿನಲ್ಲೂ ಹಾಗೆಯೇ, ಪೇಪರಿನಲ್ಲಿ ‘ಬರೆ ಕುಸಿತ’ ಎಂದೇ ಅಚ್ಚಾಗುತ್ತದೆ. ರಾಯರಿಗೆ ಬರೇ ಎಂದರೆ ಕೇವಲ. ‘ಕೇವಲ ಕುಸಿದಿದೆ, ಅಷ್ಟಕ್ಕೆ ಈ ಹುಡುಗ ಹೆದರಿದ್ದಾನೆ’ ಎಂದು ಅವರು ನನಗೇ ಧೈರ್ಯ ತುಂಬುತ್ತಿದ್ದರು.

ಬರೆಯನ್ನು ವಿವರಿಸಿದೆ. “ಹಂಗಂದ್ರ ಗುಡ್ಡಾನs ಬಿದ್ದದ!” ಎಂದು ಗಾಬರಿಯಾದವರು ಮರುಕ್ಷಣವೇ ಚೇತರಿಸಿಕೊಂಡರು. “ಇರ್ಲಿ, ಬಂದ್ ಸಂಜಿ ಆರಕ್ಕ ಮುಗೀತದಲ್ಲ? ನಾವು ಹೋಗೋದು ಸೋಮವಾರ.”

ಅವರದು ತಪ್ಪಲ್ಲ. ಬಂದ್ ಎಂದರೆ ಬೆಳಿಗ್ಗೆ ಆರರಿಂದ ಸಂಜೆ ಆರು ಎಂದು ಇಡೀ ದೇಶಕ್ಕೆ ಅಭ್ಯಾಸವಾಗಿದೆ. ನಮ್ಮ ಜಿಲ್ಲೆಯಲ್ಲಂತೂ ಹರತಾಳ ಆರಕ್ಕೆ ಮುಗಿದರೆ ಆರೂ ಐದಕ್ಕೆ ಹೋಟೆಲಿನ ಕಾವಲಿ ಕಾಯುತ್ತದೆ. ಆದರೆ ಗುಡ್ಡಕ್ಕೆ ಯಾವ ಪಕ್ಷ?

“ಮತ್ತ ಹೊಸದುರ್ಗ ರದ್ದು ಮಾಡಿದ್ದು ಛಲೋ ಆತು ನೋಡ್ರಿ. ಬೇಕಲ ನೋಡಿ ತಿರುಗಿ ಚಿತ್ರದುರ್ಗದ ಕಡೆ ಯಾಕ ಹೊಂಟೀವಿ ಅಂತ ನಮ್ಮವರೆಲ್ಲ ಕೇಳತಿದ್ರು.”

ಕಾಞಂಗಾಡನ್ನು ನಾವು ಕನ್ನಡದವರು ಹೊಸದುರ್ಗ ಎನ್ನುವುದು ಅಜ್ಜನ ಕಾಲದ ರೂಢಿ. ಚಿತ್ರದುರ್ಗ ಜಿಲ್ಲೆಯಲ್ಲೂ ಒಂದು ಹೊಸದುರ್ಗ ಇದೆ ಎನ್ನುವುದನ್ನು ನಾನು ಶಾಲೆಯಲ್ಲೇ ಕಲಿತು ಶಾಲೆಯಲ್ಲೇ ಬಿಟ್ಟು ಬಂದಿದ್ದೆ. ಅಂದರೆ ಒಂದು ತಿಂಗಳಿನಿಂದ ಹದಿನಾಲ್ಕು ಮಂದಿ, ಸಮುದ್ರ ತೀರದಿಂದ ಒಂದೇ ಸಂಜೆಯಲ್ಲಿ ಬಯಲುಸೀಮೆ ಮುಟ್ಟಿ ಮರುದಿನ ಬೆಳಿಗ್ಗೆ ಕೊಡಗು ಹತ್ತುವ ನನ್ನ ಟೆಂಪೋವಿನ ಸಾಮರ್ಥ್ಯದ ಬಗ್ಗೆ ಮೌನವಾಗಿ ನಂಬಿಕೆ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಬೆಂಗಳೂರಿನಿಂದ ರಾಯರ ಮಗನ ಫೋನು. “ಅಂಕಲ್, ಮ್ಯಾಪಿನಲ್ಲಿ ರೋಡು ನೀಲಿ ತೋರಿಸುತ್ತಿದೆಯಲ್ಲ?” ಕರಿಕೆ ಘಾಟಿಯಲ್ಲಿ ಬಹಳಷ್ಟು ಕಡೆ ಸಿಗ್ನಲೇ ಸಿಗುವುದಿಲ್ಲ. ಅಲ್ಲಿ ಸಿಕ್ಕಿಬಿದ್ದವನು ಮ್ಯಾಪಿಗೆ ಸುದ್ದಿ ಮುಟ್ಟಿಸಬೇಕಾದರೆ ಮೊದಲು ಅಲ್ಲಿಂದ ಹೊರಗೆ ಬರಬೇಕು. ಅದನ್ನು ಹೇಳಿದೆ. “ಓ” ಎಂದ.

ಒಟ್ಟು ಹನ್ನೊಂದು ಫೋನು. ಅನ್ನ ಆರಿ ತಣ್ಣಗಾಗಿತ್ತು. ಚಿಕ್ಕಮ್ಮ ನನ್ನ ಪತ್ರ ಓದಿದರು. ಅವರು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಕೆಂಪು ಶಾಯಿ ರಕ್ತದಲ್ಲೇ ಇದೆ. “ಏನು ಆಗುವುದಿಲ್ಲ ಎಂದು ಬರೆದಿದ್ದೀಯಲ್ಲ ಮಾರಾಯ, ಏನು ಆಗುತ್ತದೆ ಎಂದು ಎಲ್ಲಿ? ಬದಲಿ ಮಾರ್ಗ ಎಂದರೆ ಯಾವುದು? ಎಷ್ಟು ಹೊತ್ತು? ಅವರು ತೀರ್ಥಕ್ಕೆ ತಾಮ್ರದ ಗಿಂಡಿ ಕಟ್ಟಿಕೊಂಡಿದ್ದಾರೆ, ತಲಕಾವೇರಿ ಉಂಟೋ ಇಲ್ಲವೋ ಹೇಳಬೇಡವೋ? ಮತ್ತೆ ಹಣ?”

ಹಣದ ವಿಷಯ ನಾನು ಬೇಕೆಂದೇ ಬಿಟ್ಟಿದ್ದೆ. ಕೇಳದಿದ್ದರೆ ಹೇಳುವುದೇಕೆ ಎನ್ನುವ ಜಾಣತನ. “ಹಣದ ಬಗ್ಗೆ ಬರೆಯದ ಪತ್ರದಲ್ಲಿ ಎಲ್ಲರೂ ಓದುವುದು ಹಣದ ಬಗ್ಗೆಯೇ” ಎಂದರು. ಕೂತು ಲೆಕ್ಕ ಹಾಕಿದೆವು. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾರಿಯಾಗಿ ಮಡಿಕೇರಿಗೆ ಸುಮಾರು 110 ಕಿ.ಮೀ. ಅಲ್ಲಿಂದ ತಲಕಾವೇರಿಗೆ ಹೋಗಿ ಬರುವುದನ್ನೂ ಸೇರಿಸಿದರೆ ಹಳೆಯ ದಾರಿಗಿಂತ ಎಪ್ಪತ್ತೈದರಷ್ಟು ಹೆಚ್ಚು. ಘಾಟಿಯಲ್ಲಿ ಟೆಂಪೋ ಲೀಟರಿಗೆ ಎಂಟು ಓಡಿದರೂ ಹತ್ತು ಲೀಟರಿನೊಳಗೆ ಮುಗಿಯಿತು. ಅದನ್ನು ಹದಿನಾಲ್ಕು ಮಂದಿಯ ತಲೆಗೆ ಹಂಚಿ ಇನ್ನೂ ಹದಿನಾಲ್ಕು ಫೋನು ಎತ್ತುವುದಕ್ಕಿಂತ ನಾನೇ ಹಾಕುವುದು ಸೋವಿ.

ಎರಡನೆಯ ಪತ್ರ ಚಿಕ್ಕಮ್ಮನ ತಿದ್ದುಪಡಿಗಳೊಂದಿಗೆ ಹೀಗಿತ್ತು:

‘ಪ್ರಿಯ ಅತಿಥಿಗಳೇ,

ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯ ಮೇಲೆ ಗುಡ್ಡದ ಮಣ್ಣು ಬಿದ್ದಿದೆ. ಜೀಪು ಹೋಗುತ್ತಿದೆ, ಬಸ್ಸು ಹೋಗುತ್ತಿಲ್ಲ. ಮಣ್ಣು ತೆಗೆದರೂ ಮಳೆ ನಿಲ್ಲುವ ತನಕ ಮತ್ತೆ ಬೀಳಬಹುದು. ಆದ್ದರಿಂದ ಸೋಮವಾರ ಆ ರಸ್ತೆಯಲ್ಲಿ ಹೋಗುವುದಿಲ್ಲ. ಇದು ಮುಷ್ಕರ ಅಲ್ಲ.

ಶನಿವಾರ, ಆದಿತ್ಯವಾರದ ಕಾರ್ಯಕ್ರಮದಲ್ಲಿ ಬದಲಾವಣೆ ಇಲ್ಲ. ಆದಿತ್ಯವಾರ ರಾತ್ರಿ ಮಾತ್ರ ಕಾಞಂಗಾಡಿನ ಬದಲು ಕಾಸರಗೋಡಿನಲ್ಲಿ ತಂಗುತ್ತೀರಿ. ಸೋಮವಾರ ಬೆಳಿಗ್ಗೆ 7ಕ್ಕೆ ಹೊರಟು, ಸುಳ್ಯದಲ್ಲಿ ತಿಂಡಿ ತಿಂದು, ಸಂಪಾಜೆ ಘಾಟಿಯಾಗಿ ಮಧ್ಯಾಹ್ನಕ್ಕೆ ಮಡಿಕೇರಿ. ತಲಕಾವೇರಿ ರದ್ದಾಗಿಲ್ಲ, ಮಂಗಳವಾರ ಬೆಳಿಗ್ಗೆಗೆ ಹೋಗಿದೆ. ಬದಲಿಗೆ ರಾಜಾಸೀಟು ತಪ್ಪುತ್ತದೆ. ಈ ಮಳೆಯಲ್ಲಿ ಅಲ್ಲಿ ಮಂಜು ಬಿಟ್ಟು ಏನೂ ಕಾಣುವುದಿಲ್ಲ.

ಸಂಪಾಜೆ ಘಾಟಿ ಸದ್ಯ ತೆರೆದಿದೆ. ಸೋಮವಾರ ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ, ಸುಳ್ಯದಲ್ಲಿ ಇನ್ನೊಮ್ಮೆ ವಿಚಾರಿಸುತ್ತೇವೆ. ಬೇಡವೆಂದಾದರೆ ಸುಳ್ಯದಿಂದಲೇ ತಿರುಗುತ್ತೇವೆ. ಮಡಿಕೇರಿ, ತಲಕಾವೇರಿಯ ಹಣ ಹಿಂದೆ ಕೊಡುತ್ತೇನೆ. ಭಾಗಮಂಡಲದ ಸಂಗಮದಲ್ಲಿ ನೀರೇರಿದರೆ ಸ್ನಾನಕ್ಕೆ ಇಳಿಯುವಂತಿಲ್ಲ. ಹೆಚ್ಚಿನ ದಾರಿಯ ಖರ್ಚು ನನ್ನದು. ಬರುವುದು ಬೇಡ ಎನಿಸಿದವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸು.’

ಸುಳ್ಯದಿಂದಲೇ ತಿರುಗುವ ಮಾತು ಚಿಕ್ಕಮ್ಮನಿಗೆ ಅಪಶಕುನದಂತೆ ಕಂಡಿತು. ಅದೊಂದು ನಾನು ಬಿಟ್ಟುಕೊಡಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಇದೇ ಘಾಟಿ ಮುಚ್ಚಿದ್ದನ್ನು ನೋಡಿದವನು ನಾನು. ಸುಳ್ಯದಲ್ಲಿ ಲಾಡ್ಜು ಉಂಟು, ಹೋಟೆಲು ಉಂಟು, ಹಿಂದೆ ಹೋಗಲು ದಾರಿ ಉಂಟು. ಅಲ್ಲಿಂದ ಮುಂದೆ ಹೋಗಿ ಯೋಚಿಸಿದರೆ ಯೋಚನೆ ಮಾತ್ರ ಉಳಿಯುತ್ತದೆ.

ಪತ್ರ ಹೋಯಿತು. ಅರ್ಧ ಗಂಟೆ ಫೋನು ಸದ್ದೇ ಮಾಡಲಿಲ್ಲ. ಬಿಸಿ ಮಾಡಿದ ಅನ್ನಕ್ಕೆ ಸಾರು ಬಡಿಸಿಕೊಂಡೆ. ಚಿಕ್ಕಮ್ಮ ‘ನೋಡಿದೆಯಾ’ ಎನ್ನುವಂತೆ ಕನ್ನಡಕ ಒರೆಸಿಕೊಂಡರು. ಆಗ ರಾಯರ ಸಂದೇಶ ಬಂತು.

‘ಪತ್ರ ಅಗದೀ ಸ್ಪಷ್ಟ ಅದ. ಹದಿನಾಲ್ಕೂ ಮಂದಿ ಬರತೀವಿ. ಒಂದs ಸಂಶಯ. ಸಂಪಾಜಿ ದಕ್ಷಿಣ ಕನ್ನಡದಾಗ ಅದನೋ, ಕೊಡಗಿನಾಗ ಅದನೋ? ಇಲ್ಲಿ ಇಬ್ಬರು ಜಗಳ ಆಡಲಿಕ್ಕೆ ಹತ್ಯಾರ.’

ಸಂಪಾಜೆ ಎರಡಿದೆ. ಒಂದು ದಕ್ಷಿಣ ಕನ್ನಡದ್ದು, ಒಂದು ಕೊಡಗಿನದ್ದು, ಹೆಸರೂ ಒಂದೇ, ರಸ್ತೆಯೂ ಒಂದೇ. ನಾನು ಅನ್ನ ಕಲಸುತ್ತಾ, ಇನ್ನೊಂದು ಕೈಯಲ್ಲಿ ‘ಎರಡೂ ಸರಿ’ ಎಂದು ಟೈಪು ಮಾಡಿದೆ. ಕೂಡಲೇ ಫೋನು ಹೊಡೆದುಕೊಳ್ಳಲು ಶುರುವಾಯಿತು.