ಧೂಪ ಹಾಕಿದವರನ್ನು ಬಿಟ್ಟುಬಿಟ್ಟರು

ಇಬ್ಬರು ವಿದ್ವಾಂಸರ ಸಂವಾದ ಕೇಳಿಕೊಂಡು ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಧರ್ಮದಲ್ಲಿ ಮೊದಲು ಹುಟ್ಟಿದ್ದು ಆಚರಣೆಯೋ ನಂಬಿಕೆಯೋ ಎಂಬುದು ವಿಷಯ.

“ನಂಬದವನು ಕೈ ಏಕೆ ಮುಗಿಯುತ್ತಾನೆ ಸರ್?” ಎಂದು ನಂಬಿಕೆಯ ಪಕ್ಷದ ವಿದುಷಿ ಕೇಳಿದರು. “ಕೈ ಮುಗಿಯಲು ಕಲಿಯುವ ಮಗುವಿಗೆ ಯಾವ ನಂಬಿಕೆ ಇರುತ್ತದೆ ಮೇಡಂ?” ಎಂದು ಆಚರಣೆಯ ಪಕ್ಷದ ವಿದ್ವಾಂಸರು ತಿರುಗಿ ಕೇಳಿದರು. ಆಕೆಯ ಬೆನ್ನಿಗೆ 1871ರಲ್ಲಿ ಬರೆದ ಇಂಗ್ಲಿಷ್ ಮಾನವಶಾಸ್ತ್ರಜ್ಞ ಟೈಲರ್: ಕನಸು ಮತ್ತು ಸಾವನ್ನು ಕಂಡ ಮನುಷ್ಯ ಆತ್ಮವನ್ನು ಕಲ್ಪಿಸಿಕೊಂಡ, ಉಳಿದದ್ದೆಲ್ಲ ಅದರಿಂದಲೇ ಬೆಳೆಯಿತು. ಇವರ ಬೆನ್ನಿಗೆ 1889ರಲ್ಲಿ ಬರೆದ ಸ್ಕಾಟ್ಲೆಂಡಿನ ಬೈಬಲ್ ವಿದ್ವಾಂಸ ರಾಬರ್ಟ್‌ಸನ್ ಸ್ಮಿತ್: ಪ್ರಾಚೀನರಲ್ಲಿ ವಿಧಿ ಖಚಿತವಾಗಿತ್ತು, ಅದಕ್ಕೆ ಕೊಡುವ ಕಾರಣ ಮಾತ್ರ ಅವರವರ ಇಷ್ಟ. ಆಮೇಲಿನ ಹೊತ್ತೆಲ್ಲ ಯಾರೂ ಕಾಣದ ಆದಿಮಾನವನ ತಲೆಯೊಳಗೇ ಕಳೆಯಿತು!

ನನ್ನ ತಕರಾರು ಇಷ್ಟೇ: ದಾಖಲೆ ಇರುವ ಕಡೆ ಹುಡುಕಬಾರದೇ? ಒಂದು ಸಮಾಜ ಯಾವುದಕ್ಕೆ ಶಿಕ್ಷೆ ಕೊಡುತ್ತದೆ ಎಂದು ನೋಡಿದರೆ, ಅದು ಯಾವುದನ್ನು ಮುಂದಿಟ್ಟಿದೆ ಎಂಬುದು ತಿಳಿಯುತ್ತದೆ. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಪ್ರಾಂತಾಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವಿದೆ. ಕ್ರೈಸ್ತರೆಂಬ ಆರೋಪ ಹೊತ್ತವರ ಮುಂದೆ ದೇವತೆಗಳ ವಿಗ್ರಹಗಳನ್ನೂ ಚಕ್ರವರ್ತಿಯ ಪ್ರತಿಮೆಯನ್ನೂ ಇರಿಸಿದ. ದೇವತೆಗಳನ್ನು ಸ್ತುತಿಸಿ, ಧೂಪ ಮತ್ತು ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದವರನ್ನು ಬಿಟ್ಟುಬಿಟ್ಟ. ಅವರು ಮನಸ್ಸಿನಲ್ಲಿ ಏನು ಅಂದುಕೊಂಡರೆಂದು ಅವನು ಕೆದಕಲಿಲ್ಲ. ಟ್ರಾಜನ್‌ನ ಉತ್ತರವೂ ಅದೇ: ನಮ್ಮ ದೇವತೆಗಳನ್ನು ಪೂಜಿಸಿ ತೋರಿಸಿದವನಿಗೆ ಕ್ಷಮೆ. ಅಧಿಕಾರಿಗೆ ಬೇಕಾದದ್ದು ಕೈಯ ಕೆಲಸ, ಅಷ್ಟೇ.

“ಹಾಗಾದರೆ ಒಲ್ಲೆ ಎಂದು ಪ್ರಾಣ ಕೊಟ್ಟವರು? ಅವರಿಗೆ ನಂಬಿಕೆಯೇ ಮೊದಲಲ್ಲವೇ?” ಎಂದು ಆಕೆ ಕೇಳಬಹುದಿತ್ತು. ಕೇಳಲಿಲ್ಲ, ಅದೂ ನನ್ನ ಸಿಟ್ಟಿಗೊಂದು ಕಾರಣ. ನಿಜ, ಅವರಿಗೆ ನಂಬಿಕೆಯೇ ಮೊದಲು. ಆದರೆ ಮನಸ್ಸಿನಲ್ಲಿ ಕ್ರಿಸ್ತನನ್ನು ಇಟ್ಟುಕೊಂಡು ಒಂದು ಚಿಟಿಕೆ ಧೂಪ ಹಾಕಿಬಿಡಬಹುದಿತ್ತಲ್ಲ! ಹಾಕಲಿಲ್ಲ. ಏಕೆಂದರೆ ಅವರಿಗೂ ಆ ಚಿಟಿಕೆ ಬರೀ ಪುಡಿಯಾಗಿರಲಿಲ್ಲ.

ನಾನು ಆಚರಣೆಯ ಪಕ್ಷ ಎಂದು ಸ್ನೇಹಿತರಿಗೆ ಗೊತ್ತು. ಏನು ನಂಬುತ್ತೀಯ ಎಂದು ಕೇಳಿದರೆ ಇಂದಿಗೂ ತೊದಲುತ್ತೇನೆ, ಕೈ ಮಾತ್ರ ತಾನಾಗಿ ಮುಗಿಯುತ್ತದೆ. ಹಾಗೆಂದು ಎಲ್ಲ ಧರ್ಮಗಳನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಸ್ಮಿತ್‌ನ ಕಥೆಯನ್ನೇ ನೋಡಿ. ಬೈಬಲಿನಲ್ಲಿ ಪ್ರವಾದಿ ಮೋಶೆಯ ಹೆಸರಿನ ಗ್ರಂಥಗಳನ್ನೆಲ್ಲ ಮೋಶೆಯೇ ಬರೆದದ್ದಲ್ಲ ಎಂಬ ವಿಚಾರವನ್ನು ವಿಶ್ವಕೋಶದ ಲೇಖನಗಳಲ್ಲಿ ಮಂಡಿಸಿದ್ದಕ್ಕೆ 1881ರಲ್ಲಿ ಸ್ಕಾಟ್ಲೆಂಡಿನ ಅವನ ಚರ್ಚು ಅವನನ್ನು ಪ್ರಾಧ್ಯಾಪಕ ಹುದ್ದೆಯಿಂದ ಕಿತ್ತುಹಾಕಿತು. ಯಾವ ಪ್ರಾರ್ಥನೆಯನ್ನೂ ತಪ್ಪಿಸಿದ್ದಕ್ಕಲ್ಲ, ಬರೆದದ್ದಕ್ಕೆ! ಹಳಬರಿಗೆ ವಿಧಿಯೇ ಮುಖ್ಯ, ಸಿದ್ಧಾಂತವಲ್ಲ ಎಂದು ಅವನು ಸಾರಿದ್ದು ಆಮೇಲೆ. ಪ್ಲಿನಿಯ ಕಟಕಟೆಯಲ್ಲಿ ಲೇಖನ ಯಾರಿಗೂ ಬೇಕಿರಲಿಲ್ಲ, ಸ್ಮಿತ್‌ನ ಚರ್ಚಿನಲ್ಲಿ ಅದೇ ಅಪರಾಧ.

ವೇದಿಕೆಯ ಮೇಲಿದ್ದವರು ಸ್ಮಿತ್‌ನ ಹೆಸರನ್ನು ಹತ್ತಾರು ಸಲ ಹೇಳಿದರು. ಅವನ ಕೆಲಸ ಹೋದದ್ದನ್ನು ಇಬ್ಬರೂ ಎತ್ತಲಿಲ್ಲ.