94ಕ್ಕೇ ನಿಂತ ನೆಟ್ಟು

ಕಾರವಾರದ ನಮ್ಮ ಮನೆಯಲ್ಲಿ 300 ಎಂಬಿಪಿಎಸ್ ಪ್ಲಾನ್ ಇದೆ. ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಮಾತ್ರ ಸ್ಪೀಡು 94 ದಾಟುವುದಿಲ್ಲ. ರೌಟರ್ ಪಕ್ಕ ನಿಂತರೆ ಮೊಬೈಲಿನ ವೈಫೈ 280 ತೋರಿಸುತ್ತದೆ! ಮತ್ತೆ ಗೋಡೆಗೆ ತೂತು ಕೊರೆಸಿ ಕೇಬಲ್ ಎಳೆಸಿದ್ದು ಯಾಕೆ?

ಈ 94 ಅನ್ನುವುದೇ ಕಳ್ಳನ ಗುರುತು. ಕೇಬಲ್ಲಿನೊಳಗೆ ನಾಲ್ಕು ಜೊತೆ ತಂತಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100ಕ್ಕೆ ಎರಡು ಜೊತೆ ಸಾಕು. ನೀಲಿ ಜೊತೆಯದೋ ಕಂದು ಜೊತೆಯದೋ ಒಂದು ತಂತಿ ಪಿನ್ನಿಗೆ ಕಚ್ಚದಿದ್ದರೆ ಲಿಂಕು ಹೆಚ್ಚಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಅದರ ಸ್ವಂತ ಖರ್ಚು ಕಳೆದು ನಮ್ಮ ಕೈಗೆ ಸಿಗುವುದೇ ಈ 94. ದೀಪ ಮಿನುಗುತ್ತಲೇ ಇರುತ್ತದೆ. ಎರರ್ ಇಲ್ಲ, ಏನಿಲ್ಲ. ಪೂರ್ತಿ ಸತ್ತಿದ್ದರಾದರೂ ಗೊತ್ತಾಗುತ್ತಿತ್ತು.

ರಿಪೇರಿಗೆ ಬಂದ ಹುಡುಗ, "ನೆಟ್ ಬರ್ತಾ ಇದೆ ಅಲ್ವಾ ಸರ್?" ಅಂದು ಹೊರಟೇಬಿಟ್ಟ. ಲಿನಕ್ಸಿನಲ್ಲಿ `ethtool eth0` ಹಾಕಿದರೆ `Speed: 100Mb/s` ಅಂತ ಮುಖಕ್ಕೇ ಹೇಳುತ್ತಿದೆ. ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಕಂದು ತಂತಿ ತುದಿಯವರೆಗೆ ಹೋಗೇ ಇಲ್ಲ. ಅದರ ಮೇಲೆ ನಮ್ಮ ಕಡಲ ಉಪ್ಪುಗಾಳಿ ಬೇರೆ, ಪಿನ್ನುಗಳನ್ನು ಹಾಳುಮಾಡಲು ಕಾದಿರುತ್ತದೆ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಲು ಐದು ನಿಮಿಷವೂ ಬೇಡ. ಅಷ್ಟು ಮಾಡಿ ಹೋಗಲು ಏನಾಗಿತ್ತು ಮಾರಾಯಾ?